ಕಪ್ಪಿನ ಸುತ್ತ ಬೂದು ಬೆಳಕು

ಕತ್ತಲೆಯ ಸಿನಿಮಾ ನೋಡುವಾಗ ಟಿವಿಯ ಗುಣ ತಿಳಿಯಬೇಕೆಂದರೆ ಕತೆ ನಡೆಯುವ ಜಾಗ ಬಿಟ್ಟು, ಚಿತ್ರದ ಮೇಲೂ ಕೆಳಗೂ ಅಡ್ಡಲಾಗಿ ಉಳಿಯುವ ಕಪ್ಪು ಪಟ್ಟಿಗಳ ಕಡೆ ಒಮ್ಮೆ ಕಣ್ಣು ಹಾಯಿಸಬೇಕು. ಅಲ್ಲಿ ಸಿನಿಮಾದವರು ಏನನ್ನೂ ಚಿತ್ರಿಸಿಲ್ಲ. ಟಿವಿಗೆ ಬರುವ ಸಂಕೇತದಲ್ಲಿ ಆ ಜಾಗದ ಬೆಲೆ ಶುದ್ಧ ಸೊನ್ನೆ. ಹಾಗಿದ್ದೂ ನಾಯಕ ಟಾರ್ಚ್ ಹಿಡಿದು ಪರದೆಯ ಕೆಳಭಾಗಕ್ಕೆ ಬಂದ ಕೂಡಲೇ ಪಟ್ಟಿಯ ಆ ಭಾಗ ಬೂದು ಬಣ್ಣಕ್ಕೆ ತಿರುಗುತ್ತದೆ. ಅವನು ಎಡಕ್ಕೆ ನಡೆದರೆ ಬೂದು ಬಣ್ಣವೂ ಎಡಕ್ಕೆ ಸರಿಯುತ್ತದೆ, ಅದೂ ನಯವಾಗಿ ಅಲ್ಲ, ಹೆಜ್ಜೆ ಹೆಜ್ಜೆಯಾಗಿ ಜಿಗಿಯುತ್ತ. ಬಿಳಿ ಸಬ್‌ಟೈಟಲ್ ಮೂಡಿದರೆ ಅಕ್ಷರಗಳ ಸುತ್ತ ಮಂಜು ಕವಿದಂತೆ ಕಾಣುತ್ತದೆ, ಮಾತು ಮುಗಿದರೆ ಮಂಜೂ ಮಾಯ. ಇದಕ್ಕೆ ಟಿವಿ ಮಂದಿ ಬ್ಲೂಮಿಂಗ್ ಎನ್ನುತ್ತಾರೆ.

ಹೊಸ ಟಿವಿ ಕೊಂಡು ಮೊದಲ ರಾತ್ರಿ ಇದನ್ನು ಕಂಡವರು ಪೀಸ್ ಕೆಟ್ಟದ್ದು ಬಂದಿದೆಯೆಂದು ಅಂಗಡಿಗೆ ಫೋನ್ ಮಾಡುವುದುಂಟು. ಬಹಳ ಸಲ ಟಿವಿ ಕೆಟ್ಟಿರುವುದಿಲ್ಲ. ಅದು ಹೇಗೆ ಕೆಲಸ ಮಾಡಬೇಕೆಂದು ಮಾಡಿದ್ದಾರೋ ಹಾಗೆಯೇ ಮಾಡುತ್ತಿರುತ್ತದೆ. ಆ ಕೆಲಸದ ಲೆಕ್ಕ ಎಲ್ಲಿ ಸರಿಹೋಗುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ತಿಳಿದರೆ ಅರ್ಧ ತೊಂದರೆಗೆ ಮನೆಯಲ್ಲೇ ಮದ್ದಿದೆ.

ಎಲ್‌ಸಿಡಿ ಟಿವಿಯ ಪರದೆಗೆ ಸ್ವಂತ ಬೆಳಕಿಲ್ಲ. ‘ಎಲ್‌ಇಡಿ ಟಿವಿ’ ಎಂದು ಮಾರುವುದೂ, ‘ಕ್ಯೂಎಲ್‌ಇಡಿ’ ಎಂದು ಮಾರುವುದೂ, ‘ಮಿನಿ ಎಲ್‌ಇಡಿ’ ಎಂದು ಮಾರುವುದೂ ಒಳಗೆ ಎಲ್‌ಸಿಡಿಯೇ. ಹಿಂದೆ ಎಲ್‌ಇಡಿ ದೀಪಗಳ ಬ್ಯಾಕ್‌ಲೈಟ್, ಮುಂದೆ ದ್ರವ ಹರಳಿನ ಪದರ. ಆ ಪದರದ ಒಂದೊಂದು ಪಿಕ್ಸೆಲ್ಲೂ ಹಿಂದಿನ ಬೆಳಕನ್ನು ಬೇಕಾದಷ್ಟು ಬಿಡುತ್ತದೆ, ಬೇಡವಾದಾಗ ತಡೆಯುತ್ತದೆ. ತಡೆಯುವುದರಲ್ಲೇ ಅದರ ಸೋಲು. ಎಷ್ಟು ಒತ್ತಿ ಮುಚ್ಚಿದರೂ ಸಂದಿಯಲ್ಲಿ ಬಿಸಿಲು ನುಸುಳುವ ಹಳೆಯ ಕಿಟಕಿ ಬಾಗಿಲಿನಂತೆ, ಮುಚ್ಚಿದ ಪಿಕ್ಸೆಲ್ಲಿಂದಲೂ ಚೂರು ಬೆಳಕು ಸೋರುತ್ತದೆ. ಎಷ್ಟು ಸೋರುತ್ತದೆ ಎಂಬುದು ಪ್ಯಾನೆಲ್ಲಿನ ಜಾತಿಯ ಮೇಲೆ ಹೋಗುತ್ತದೆ. ಐಪಿಎಸ್ ಎಂಬ ಬಗೆಯಲ್ಲಿ ಸುಮಾರು ಸಾವಿರದಲ್ಲಿ ಒಂದು ಪಾಲು ಹೊರಬರುತ್ತದೆ. ವಿಎ ಎಂಬ ಬಗೆಯಲ್ಲಿ ಮೂರರಿಂದ ಆರು ಸಾವಿರದಲ್ಲಿ ಒಂದು ಪಾಲು. ಕತ್ತಲೆಯ ಸಿನಿಮಾಗೆ ವಿಎ ಪ್ಯಾನೆಲ್ಲೇ ಮೇಲು ಎನ್ನುವುದು ಇದಕ್ಕೇ.

ಪರದೆಯ ಬೆಳಕನ್ನು ನಿಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮಾಮೂಲಿ ಚಿತ್ರಗಳನ್ನು 100 ನಿಟ್ ಸುತ್ತಮುತ್ತ ಮುಗಿಯುವಂತೆ ಸಿದ್ಧಪಡಿಸುತ್ತಿದ್ದ ಕಾಲದಲ್ಲಿ ಈ ಸೋರಿಕೆ ಅಷ್ಟು ಕಾಡಲಿಲ್ಲ. ನೂರರಲ್ಲಿ ಐದು ಸಾವಿರದ ಒಂದು ಪಾಲೆಂದರೆ 0.02 ನಿಟ್, ಯಾರಿಗೆ ಕಾಣಬೇಕು? ಎಚ್‌ಡಿಆರ್ ಬಂದ ಮೇಲೆ ಆಟ ಬದಲಾಯಿತು. ಈಗಿನ ಎಚ್‌ಡಿಆರ್ ಸಿನಿಮಾಗಳ ಬಹುಪಾಲು 1,000 ನಿಟ್ ಇಲ್ಲವೇ 4,000 ನಿಟ್ ಮಾನಿಟರಿನ ಎದುರು ಕೂತು ಬಣ್ಣ ತಿದ್ದಿದವು. 2014ರಲ್ಲಿ ಮಾನಕವಾದ ಪಿಕ್ಯೂ ಎಂಬ ಲೆಕ್ಕದಲ್ಲಿ ಒಂದೊಂದು ಸಂಖ್ಯೆಗೂ ಇಷ್ಟೇ ನಿಟ್ ಎಂದು ನಿಗದಿಯಾಗಿದೆ. 10 ಬಿಟ್ ಚಿತ್ರದಲ್ಲಿ 1,024 ಮೆಟ್ಟಿಲುಗಳಿವೆ. ಅವುಗಳಲ್ಲಿ ಸುಮಾರು 150 ಮೆಟ್ಟಿಲುಗಳು ಒಂದೇ ಒಂದು ನಿಟ್ಟಿಗಿಂತ ಕೆಳಗಿವೆ. ಕಪ್ಪು ಕೋಟಿನ ಮಡಿಕೆ, ಕತ್ತಲ ಕೋಣೆಯ ಗೋಡೆಯ ಒದ್ದೆ, ಕಣ್ಣಿನ ಕೆಳಗಿನ ನೆರಳು ಎಲ್ಲವೂ ಆ 150ರೊಳಗೆ ಅಡಗಿರುತ್ತವೆ. ಇಡೀ ಬ್ಯಾಕ್‌ಲೈಟನ್ನು 1,000 ನಿಟ್ಟಿಗೆ ಏರಿಸಿದರೆ ಒಳ್ಳೆಯ ವಿಎ ಪ್ಯಾನೆಲ್ಲಿನ ಕಪ್ಪೂ 0.2 ನಿಟ್ ಆಗುತ್ತದೆ, ಅದಕ್ಕಿಂತ ಕೆಳಗಿನ ಮೆಟ್ಟಿಲುಗಳೆಲ್ಲ ಒಂದೇ ಬೂದಿಯಲ್ಲಿ ಮುಳುಗುತ್ತವೆ.

ಇದಕ್ಕೆ ಕಂಡುಕೊಂಡ ಉಪಾಯವೇ ಲೋಕಲ್ ಡಿಮ್ಮಿಂಗ್. ಬ್ಯಾಕ್‌ಲೈಟನ್ನು ತುಂಡು ತುಂಡಾಗಿ ಹಂಚಿ, ಬೆಳಕು ಬೇಕಾದ ಕಡೆ ಮಾತ್ರ ಉರಿಸಿ, ಕಪ್ಪಿರುವ ಕಡೆ ಹಿಂದಿನ ದೀಪವನ್ನೇ ಆರಿಸುವುದು. ಹೀಗೆ ಬೇರೆಬೇರೆಯಾಗಿ ಏರಿಸಿ ಇಳಿಸಬಹುದಾದ ಒಂದೊಂದು ತುಂಡಿಗೆ ಜೋನ್ ಎಂದು ಹೆಸರು.

ಜೋನಿನ ಗಾತ್ರವನ್ನು ಕಣ್ಣಿಗೆ ಕಟ್ಟುವಂತೆ ಲೆಕ್ಕ ಹಾಕೋಣ. 55 ಇಂಚಿನ ಟಿವಿ ಸುಮಾರು 122 ಸೆಂಟಿಮೀಟರ್ ಅಗಲ, 68 ಸೆಂಟಿಮೀಟರ್ ಎತ್ತರ ಇರುತ್ತದೆ. ಅದರ ಹಿಂದೆ ಅಡ್ಡಕ್ಕೆ 32, ಉದ್ದಕ್ಕೆ 16, ಒಟ್ಟು 512 ಜೋನ್ ಇವೆಯೆಂದು ಇಟ್ಟುಕೊಳ್ಳಿ. ಮಧ್ಯಮ ದರ್ಜೆಯ ಮಿನಿ ಎಲ್‌ಇಡಿ ಟಿವಿಗೆ ಇದು ಸಾಧಾರಣ ಸಂಖ್ಯೆ. ಒಂದು ಜೋನ್ ಹೆಚ್ಚುಕಡಿಮೆ ನಾಲ್ಕು ಸೆಂಟಿಮೀಟರ್ ಚೌಕ. ಫೋರ್‌ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್ಲುಗಳಿರುವುದರಿಂದ ಒಂದೊಂದು ಜೋನಿನ ಮುಂದೆ 16,200 ಪಿಕ್ಸೆಲ್ಲುಗಳು ಬರುತ್ತವೆ. ಅಷ್ಟಕ್ಕೂ ಸೇರಿ ಹಿಂದಿರುವುದು ಒಂದೇ ಮಟ್ಟದ ದೀಪ. ಅವುಗಳಲ್ಲಿ ಹತ್ತಿಪ್ಪತ್ತು ಪಿಕ್ಸೆಲ್ಲುಗಳು ಉರಿಯುವ ಬೆಂಕಿಕಡ್ಡಿಯ ತುದಿಯನ್ನು ತೋರಿಸಬೇಕು, ಉಳಿದವು ಗಾಢ ಕತ್ತಲಾಗಿರಬೇಕು ಎಂದರೆ ಟಿವಿ ಏನು ಮಾಡಬೇಕು? ದೀಪ ಉರಿಸಿದರೆ ಹದಿನಾರು ಸಾವಿರ ಕಪ್ಪು ಪಿಕ್ಸೆಲ್ಲುಗಳು ಸೋರುತ್ತವೆ. ಆರಿಸಿದರೆ ಬೆಂಕಿಕಡ್ಡಿ ಸಾಯುತ್ತದೆ. ಸಾಲದ್ದಕ್ಕೆ, ಒಂದು ಜೋನಿನ ಬೆಳಕು ಅದರ ಗಡಿಯಲ್ಲೇ ನಿಲ್ಲುವುದಿಲ್ಲ. ಜೋನುಗಳ ನಡುವೆ ಗೆರೆ ಕಾಣಬಾರದೆಂದು ಬೆಳಕು ಪಕ್ಕದ ಮನೆಗೂ ಹರಡುವಂತೆ ಬೇಕೆಂದೇ ಮಾಡಿರುತ್ತಾರೆ. ಹರಡಿದ್ದು ಎಷ್ಟೆಂದು ಟಿವಿಯ ಚಿಪ್ ಲೆಕ್ಕ ಹಾಕಿ, ಮುಂದಿನ ಪಿಕ್ಸೆಲ್ಲುಗಳನ್ನು ಅಷ್ಟು ಕಡಿಮೆ ತೆರೆಯುತ್ತದೆ. ಪಿಕ್ಸೆಲ್ ಪೂರ್ತಿ ಮುಚ್ಚಿದ ಮೇಲೂ ಸೋರುವ ಬೆಳಕಿಗೆ ಮಾತ್ರ ಯಾವ ಲೆಕ್ಕವೂ ನಾಟುವುದಿಲ್ಲ.

ಇಷ್ಟು ಒರಟು ಉಪಾಯ ಚಿತ್ರ ಕೆಡಿಸದೆ ನಡೆಯುತ್ತದೆ ಎಂಬ ಧೈರ್ಯ ಎಲ್ಲಿಂದ ಬಂತು? ಉತ್ತರ ಕೆನಡಾದ ವ್ಯಾಂಕೂವರಿನಲ್ಲಿದೆ. ಅಲ್ಲಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹೆಲ್ಗೆ ಸೀಟ್ಜೆನ್, ಲಾರ್ನ್ ವೈಟ್‌ಹೆಡ್ ಮತ್ತವರ ಸಂಗಡಿಗರು 2004ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರ ವಾದದ ಬೇರು ಟಿವಿಯಲ್ಲಿರಲಿಲ್ಲ, ನೋಡುವವರ ಕಣ್ಣಿನಲ್ಲಿತ್ತು. ಮನುಷ್ಯನ ಕಣ್ಣಿನೊಳಗಿನ ಮಸೂರ, ದ್ರವ ಯಾವುದೂ ಪರಿಪೂರ್ಣವಾಗಿ ಪಾರದರ್ಶಕವಲ್ಲ. ಪ್ರಖರ ಬೆಳಕು ಒಳಬಂದಾಗ ಅದರ ಒಂದು ಪಾಲು ಅಲ್ಲೇ ಚದುರಿ, ಸುತ್ತಮುತ್ತಲ ಚಿತ್ರದ ಮೇಲೆ ತೆಳು ಮುಸುಕಾಗಿ ಬೀಳುತ್ತದೆ. ಎದುರಿನಿಂದ ಬರುವ ಲಾರಿಯ ಹೆಡ್‌ಲೈಟ್ ಪಕ್ಕದಲ್ಲೇ ನಡೆದು ಬರುವ ಮನುಷ್ಯ ಕಾಣದೇ ಹೋಗುವುದು ಹೀಗೆ. ಹೊಳೆಯುವ ಚುಕ್ಕಿಗೆ ತೀರ ಅಂಟಿಕೊಂಡ ಜಾಗದಲ್ಲಿ ನಮ್ಮ ಕಣ್ಣು ಗುರುತಿಸಬಲ್ಲ ವ್ಯತ್ಯಾಸ ಸುಮಾರು 150ಕ್ಕೆ 1 ಮಾತ್ರ ಎಂದು ಅವರು ಹೇಳಿದರು. ಅಂದಮೇಲೆ ಟಿವಿ ಆ ಜಾಗದಲ್ಲಿ ಕಪ್ಪನ್ನು ಚೂರು ಕೆಡಿಸಿದರೂ ಗೊತ್ತಾಗದು, ಏಕೆಂದರೆ ಕಣ್ಣು ಅದನ್ನು ಮೊದಲೇ ಕೆಡಿಸಿರುತ್ತದೆ. ಇದೇ ನಂಬಿಕೆಯ ಮೇಲೆ ಅವರ ಕಂಪನಿ ಬ್ರೈಟ್‌ಸೈಡ್ 1,380 ಎಲ್‌ಇಡಿಗಳ 37 ಇಂಚಿನ ಪರದೆ ತಯಾರಿಸಿತು. 2007ರಲ್ಲಿ ಡಾಲ್ಬಿ ಆ ಕಂಪನಿಯನ್ನು ಕೊಂಡಿತು.

ಲೋಕಲ್ ಡಿಮ್ಮಿಂಗಿನ ಹಿಂದಿರುವ ಪಂದ್ಯ ಇದು: ಟಿವಿ ಸೋರಿಸುವ ಬೆಳಕು ಕಣ್ಣೇ ಹುಟ್ಟಿಸುವ ಮುಸುಕಿನ ಹಿಂದೆ ಅಡಗಬೇಕು. ಅಡಗಿದರೆ ಬ್ಲೂಮಿಂಗ್ ಇದ್ದೂ ಇಲ್ಲ. ಅಡಗದಿದ್ದಲ್ಲಿ ಅದು ಕಾಣುತ್ತದೆ.

ಯಾವಾಗ ಅಡಗುವುದಿಲ್ಲ ಎಂಬುದಕ್ಕೆ ಒಂದು ದೃಶ್ಯವನ್ನೇ ತೆಗೆದುಕೊಳ್ಳೋಣ. ಮ್ಯಾಟ್ ರೀವ್ಸ್ ನಿರ್ದೇಶಿಸಿ ಗ್ರೆಗ್ ಫ್ರೇಸರ್ ಛಾಯಾಗ್ರಹಣ ಮಾಡಿದ 2022ರ ‘ದ ಬ್ಯಾಟ್‌ಮ್ಯಾನ್’ ಹೆಚ್ಚುಕಡಿಮೆ ಪೂರ್ತಿ ಕತ್ತಲಲ್ಲೇ ನಡೆಯುವ ಸಿನಿಮಾ. ಕೊನೆಯ ಭಾಗದಲ್ಲಿ ನೀರು ನುಗ್ಗಿದ ಸಭಾಂಗಣದ ಕತ್ತಲೆಯಲ್ಲಿ ನಾಯಕ ಕೆಂಪು ಫ್ಲೇರ್ ಹೊತ್ತಿಸಿ ಜನರನ್ನು ದಾಟಿಸುತ್ತಾನೆ. ಮೇಲಿನಿಂದ ನೋಡಿದರೆ ಕಪ್ಪು ನೀರಿನ ನಡುವೆ ಒಂದು ಕೆಂಪು ಕಿಡಿ. ಟಿವಿ ಪರೀಕ್ಷೆಗೆ ಇದಕ್ಕಿಂತ ಕ್ರೂರವಾದ ಪ್ರಶ್ನೆಪತ್ರಿಕೆ ಬರೆಯುವುದು ಕಷ್ಟ, ಏಕೆಂದರೆ ಆ ಕಿಡಿ ಕೆಂಪಾಗಿದೆ.

ಬಿಳಿ ಬೆಳಕಿನಲ್ಲಿ ಕೆಂಪಿನ ಪಾಲು ಸುಮಾರು ನಾಲ್ಕನೆಯ ಒಂದಕ್ಕಿಂತ ತುಸು ಕಡಿಮೆ, ಸಿನಿಮಾದ ಬಣ್ಣಮಾನದಲ್ಲಿ ಶೇ 23. ಎಲ್‌ಸಿಡಿಯ ಬ್ಯಾಕ್‌ಲೈಟ್ ಕೊಡುವುದು ಬಿಳಿ. ಕೆಂಪು ತೋರಿಸಲು ಪಿಕ್ಸೆಲ್ ತನ್ನ ಹಸಿರು, ನೀಲಿ ಭಾಗಗಳನ್ನು ಮುಚ್ಚಿ ಕೆಂಪನ್ನಷ್ಟೇ ಬಿಡುತ್ತದೆ. ಹೀಗಾಗಿ ಪರದೆಯಲ್ಲಿ 200 ನಿಟ್ ಅಚ್ಚ ಕೆಂಪು ಕಾಣಬೇಕಾದರೆ ಹಿಂದೆ ಸುಮಾರು 870 ನಿಟ್ ಬಿಳಿಗೆ ಸಾಕಾಗುವಷ್ಟು ದೀಪ ಉರಿಯಬೇಕು. ಕಿಡಿಯ ಕಾಂತಿ ಸಾಧಾರಣ, ಅದರ ಹಿಂದಿನ ದೀಪ ಮಾತ್ರ ಪೂರ್ತಿ ಜೋರು.

ಈಗ ಎರಡು ಚುಕ್ಕಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಎರಡೂ ಒಂದು ಸೆಂಟಿಮೀಟರ್ ಚೌಕ, ನೀವು ಎರಡೂವರೆ ಮೀಟರ್ ದೂರದ ಸೋಫಾದಲ್ಲಿದ್ದೀರಿ, ಪ್ಯಾನೆಲ್ ಐದು ಸಾವಿರದಲ್ಲಿ ಒಂದು ಪಾಲು ಸೋರುವ ವಿಎ. ಮೊದಲನೆಯದು 1,000 ನಿಟ್ ಬಿಳಿ ಚುಕ್ಕಿ. ಅದಿರುವ ಜೋನಿನ ಇನ್ನೊಂದು ತುದಿಯಲ್ಲಿ, ಅಂದರೆ ನಾಲ್ಕು ಸೆಂಟಿಮೀಟರ್ ಆಚೆ, ಸೋರುವುದು 0.2 ನಿಟ್. ಅಷ್ಟೇ ದೂರದಲ್ಲಿ ಕಣ್ಣಿನೊಳಗೆ ಹುಟ್ಟುವ ಮುಸುಕು, ರಸ್ತೆ ದೀಪಗಳ ಕೋರೈಸುವಿಕೆಯನ್ನು ಅಂದಾಜಿಸಲು ಬಳಸುವ ಹಳೆಯ ಸೂತ್ರದಂತೆ, ಸುಮಾರು 0.16 ನಿಟ್. ಎರಡೂ ಬಹುತೇಕ ಸಮ, ಪಂದ್ಯ ನಡೆಯುತ್ತದೆ. ಎರಡನೆಯದು 200 ನಿಟ್ ಕೆಂಪು ಚುಕ್ಕಿ. ಹಿಂದಿನ ದೀಪ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಸೋರುವುದು 0.17 ನಿಟ್. ಕಣ್ಣಿನ ಮುಸುಕು ಮಾತ್ರ ಚುಕ್ಕಿಯ ಕಾಂತಿಗೆ ತಕ್ಕಂತೆ ಇಳಿದು ಸುಮಾರು 0.03 ನಿಟ್ಟಿಗೆ ಬಂದಿದೆ. ಸೋರಿಕೆ ಮುಸುಕಿಗಿಂತ ಐದು ಪಟ್ಟು. ಅಡಗಲು ಜಾಗವೇ ಇಲ್ಲ. ಮೇಲಾಗಿ ಕಣ್ಣಿನ ಮುಸುಕು ಕೆಂಪು, ಪ್ಯಾನೆಲ್ಲಿನ ಸೋರಿಕೆ ತಣ್ಣನೆಯ ನೀಲಿ ಬೂದು. ಕೆಂಪು ಕಿಡಿಯ ಸುತ್ತ ನೀಲಿ ಬೂದು ಬಳೆ ಕಂಡರೆ ಅದು ಟಿವಿಯದ್ದೇ ಎಂದು ಅನುಮಾನವಿಲ್ಲದೆ ಹೇಳಬಹುದು. ಇವೆಲ್ಲ ಅಂದಾಜಿನ ಅಂಕಿಗಳು, ಟಿವಿಯಿಂದ ಟಿವಿಗೆ ಬದಲಾಗುತ್ತವೆ, ಆದರೂ ಕೆಂಪು ಮತ್ತು ನೀಲಿ ದೀಪಗಳು ಬಿಳಿಗಿಂತ ಹೆಚ್ಚು ಕಾಡುವುದು ಯಾಕೆಂಬುದು ಇದರಿಂದ ತಿಳಿಯುತ್ತದೆ. ಪೊಲೀಸ್ ಜೀಪಿನ ದೀಪ, ನಿಯಾನ್ ಬೋರ್ಡು, ಕತ್ತಲಲ್ಲಿ ಹೊಳೆಯುವ ಸಿಗರೇಟಿನ ತುದಿ ಎಲ್ಲವೂ ಇದೇ ಗುಂಪು.

ಇದೇ ಲೆಕ್ಕದಿಂದ ಒಂದು ಮೋಜಿನ ಸಂಗತಿಯೂ ಹೊರಡುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗಿ ಒಳಗಿನ ಮುಸುಕು ಹೆಚ್ಚುತ್ತದೆ. ಇಪ್ಪತ್ತರ ಮಗ ‘ನೋಡಪ್ಪಾ, ಎಷ್ಟು ಬೂದು ಬರ್ತಿದೆ’ ಎಂದು ಗೊಣಗುತ್ತಿದ್ದರೆ ಅರವತ್ತರ ಅಪ್ಪ ‘ಚೆನ್ನಾಗೇ ಇದೆಯಲ್ಲೋ’ ಎನ್ನುತ್ತಾರೆ. ಇಬ್ಬರದೂ ನಿಜ. ಟಿವಿ ಆರಿಸಲು ಯಾರನ್ನು ಅಂಗಡಿಗೆ ಕರೆದೊಯ್ಯಬೇಕು ಎಂಬುದನ್ನು ನೀವೇ ತೀರ್ಮಾನಿಸಿ.

ನಿಮಗೆ ಕಾಣುತ್ತಿರುವ ಬೂದು ಬಳೆ ಕಣ್ಣಿನದೋ ಟಿವಿಯದೋ ಎಂದು ತಿಳಿಯಲು ಉಪಕರಣವೇನೂ ಬೇಡ. ದೃಶ್ಯವನ್ನು ಪಾಸ್ ಮಾಡಿ. ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಹೆಬ್ಬೆರಳಿನಿಂದ ಹೊಳೆಯುವ ಚುಕ್ಕಿಯನ್ನಷ್ಟೇ ಮರೆ ಮಾಡಿ. ಸುತ್ತಲ ಬಳೆ ಮಾಯವಾದರೆ ಅದು ನಿಮ್ಮ ಕಣ್ಣಿನೊಳಗಿತ್ತು, ಒಎಲ್‌ಇಡಿ ಟಿವಿ ತಂದರೂ ಹೋಗುವುದಿಲ್ಲ. ಚುಕ್ಕಿ ಮರೆಯಾದ ಮೇಲೂ ಹೆಬ್ಬೆರಳಿನ ಸುತ್ತ ಬೂದು ಉಳಿದರೆ ಅದು ಪರದೆಯ ಮೇಲಿದೆ. ಪರದೆಯ ಮೇಲಿರುವುದೆಲ್ಲ ಬ್ಲೂಮಿಂಗ್ ಎನ್ನುವಂತೆಯೂ ಇಲ್ಲ. ಲೆನ್ಸಿನ ಮಬ್ಬು, ಹೊಗೆ, ಮಳೆಹನಿಯಲ್ಲಿ ಹರಡಿದ ದೀಪ ಇವುಗಳನ್ನು ಛಾಯಾಗ್ರಾಹಕರು ಬೇಕೆಂದೇ ತರುತ್ತಾರೆ. ಅದಕ್ಕೆ ಸಾಕ್ಷಿ ಹೇಳುವುದು ಕಪ್ಪು ಪಟ್ಟಿ. ಸಿನಿಮಾದ ಹೊಳಪು ಎಷ್ಟೇ ಹರಡಿದರೂ ಪಟ್ಟಿಯ ಗಡಿಯಲ್ಲಿ ಕತ್ತರಿಸಿದಂತೆ ನಿಲ್ಲುತ್ತದೆ, ಟಿವಿಯ ಸೋರಿಕೆಗೆ ಆ ಗಡಿ ಗೊತ್ತಿಲ್ಲ. 2.39ಕ್ಕೆ 1ರ ಅನುಪಾತದ ಚಿತ್ರವನ್ನು 55 ಇಂಚಿನಲ್ಲಿ ಹಾಕಿದರೆ ಒಂದೊಂದು ಪಟ್ಟಿಯೂ ಒಂಬತ್ತು ಸೆಂಟಿಮೀಟರಿಗೆ ತುಸು ಕಡಿಮೆ, ನಮ್ಮ ಲೆಕ್ಕದ ಟಿವಿಯಲ್ಲಿ ಎರಡು ಸಾಲು ಜೋನ್. ಚಿತ್ರಕ್ಕೆ ಅಂಟಿದ ಸಾಲು ಸ್ವಲ್ಪ ಬೂದಾದರೆ ಸಹಜ. ಅಂಚಿಗೆ ಅಂಟಿದ ಸಾಲೂ ಬೂದಾದರೆ ಬೆಳಕು ಬಹಳ ದೂರ ಹರಡುತ್ತಿದೆ ಎಂದರ್ಥ.

ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸುವವರನ್ನು ನಂಬಬೇಡಿ. ಕತ್ತಲ ಕೋಣೆಯಲ್ಲಿ ಫೋನ್ ಎಕ್ಸ್‌ಪೋಷರ್ ಏರಿಸಿ ಕಣ್ಣಿಗೆ ಕಾಣದ ಸೋರಿಕೆಯನ್ನೂ ದೊಡ್ಡದು ಮಾಡುತ್ತದೆ.

ಹೆಚ್ಚು ಜನ ಗಮನಿಸದ ಕಾರಣವೊಂದಿದೆ, ಕೂರುವ ಜಾಗ. ವಿಎ ಪ್ಯಾನೆಲ್ಲಿನ ಐದು ಸಾವಿರದ ಲೆಕ್ಕ ನೇರ ಎದುರು ಕೂತವರಿಗೆ ಮಾತ್ರ. ಪಕ್ಕಕ್ಕೆ ಸರಿದಷ್ಟೂ ಮುಚ್ಚಿದ ಪಿಕ್ಸೆಲ್ ಹೆಚ್ಚು ಸೋರುತ್ತದೆ. ದೀಪಗಳ ಸಾಲಿಗೂ ಹರಳಿನ ಪದರಕ್ಕೂ ನಡುವೆ ಅಂತರವಿರುವುದರಿಂದ ಓರೆಯಾಗಿ ನೋಡಿದಾಗ ಬಳೆ ಚುಕ್ಕಿಯ ಸುತ್ತ ಸಮನಾಗಿರದೆ ಒಂದು ಪಕ್ಕಕ್ಕೆ ಜಾರಿ ಕಾಣುತ್ತದೆ. ಸೋಫಾದ ನಡುವೆ ಕೂತವರಿಗೆ ಕಾಣದ ಬ್ಲೂಮಿಂಗ್ ಮೂಲೆಯ ಕುರ್ಚಿಯವರಿಗೆ ಕಾಡುವುದು ಇದರಿಂದ. ಟಿವಿಯನ್ನು ಗೋಡೆಯ ಮೇಲೆ ಎತ್ತರಕ್ಕೆ, ಶೋಕೇಸಿನ ಮೇಲೆ ಹೊಡೆಸುವ ನಮ್ಮ ಮನೆಗಳ ಪದ್ಧತಿಯೂ ಇಲ್ಲಿ ಉಪಕಾರಿಯಲ್ಲ. ಕೆಳಗಿನಿಂದ ಕತ್ತೆತ್ತಿ ನೋಡುವುದೂ ಓರೆ ನೋಟವೇ. ವಾಲ್ ಮೌಂಟನ್ನು ಮುಂದಕ್ಕೆ ಬಗ್ಗಿಸಲು ಬಂದರೆ ಬಗ್ಗಿಸಿ.

ಕೋಣೆಯ ಬೆಳಕಿಗೂ ಇದರಲ್ಲಿ ದೊಡ್ಡ ಪಾತ್ರ. ಸಂಜೆ ಹಾಲಿನಲ್ಲಿ ಒಂದು ಬಲ್ಬ್ ಉರಿಯುತ್ತಿದ್ದು, ಪರದೆಯ ಮೇಲೆ 100 ಲಕ್ಸ್ ಬೆಳಕು ಬೀಳುತ್ತಿದೆ ಎನ್ನೋಣ. ಪರದೆ ಅದರ ನೂರರಲ್ಲಿ ಒಂದು ಪಾಲನ್ನು ಚದುರಿಸಿ ಹಿಂದಕ್ಕೆ ಕಳಿಸಿದರೂ ಸುಮಾರು 0.3 ನಿಟ್ ಬೂದು ಇಡೀ ಪರದೆಗೆ ಹಬ್ಬುತ್ತದೆ. ನಮ್ಮ 0.2 ನಿಟ್ ಸೋರಿಕೆ ಅದರಡಿ ಮುಚ್ಚಿಹೋಗುತ್ತದೆ. ಹಗಲಲ್ಲಿ ಚೆನ್ನಾಗಿದ್ದ ಟಿವಿ ರಾತ್ರಿ ಕೆಟ್ಟಂತೆ ಕಾಣುವುದು, ಅಂಗಡಿಯ ಝಗಝಗ ದೀಪಗಳಡಿ ಯಾವ ಟಿವಿಯಲ್ಲೂ ಬ್ಲೂಮಿಂಗ್ ಕಾಣದಿರುವುದು ಎರಡಕ್ಕೂ ಕಾರಣ ಒಂದೇ. ಹಾಗೆಂದು ಟ್ಯೂಬ್‌ಲೈಟ್ ಹಾಕಿಕೊಂಡು ಸಿನಿಮಾ ನೋಡಿದರೆ ಕತ್ತಲ ದೃಶ್ಯದ ವಿವರಗಳೂ ಮುಚ್ಚಿಹೋಗುತ್ತವೆ. ನಡುವಿನ ದಾರಿಯೆಂದರೆ ಟಿವಿಯ ಬೆನ್ನ ಹಿಂದೆ ಗೋಡೆಗೆ ಬೀಳುವಂತೆ ಒಂದು ಮಂದ ಬಿಳಿ ದೀಪ. ಪರದೆಗೆ ಬೆಳಕು ಬೀಳುವುದಿಲ್ಲ, ಆದರೆ ಕಣ್ಣು ಪೂರ್ತಿ ಕತ್ತಲೆಗೆ ಒಗ್ಗಿಕೊಳ್ಳದೆ ಉಳಿದು, ಅರೆಬರೆ ಬೂದು ಕಾಣದಾಗುತ್ತದೆ. ಸಿನಿಮಾದವರು ಬಿಳಿಯ ಮಾನವಾಗಿ ಇಟ್ಟುಕೊಳ್ಳುವುದು ಸುಮಾರು 6500 ಕೆಲ್ವಿನ್ನಿನ ಬಿಳಿ. ಅದೇ ಬಣ್ಣದ ಎಲ್‌ಇಡಿ ಪಟ್ಟಿ ಸಿಕ್ಕರೆ ಒಳ್ಳೆಯದು. ಬಣ್ಣ ಬದಲಿಸುವ ಡಿಸ್ಕೊ ಪಟ್ಟಿಯನ್ನು ಮಕ್ಕಳ ಹುಟ್ಟುಹಬ್ಬಕ್ಕೆ ಇಟ್ಟುಕೊಳ್ಳಿ.

ಇನ್ನು ಟಿವಿಯ ಮೆನು. ಚಿತ್ರದ ಸೆಟ್ಟಿಂಗಿನಲ್ಲಿ Local Dimming ಎಂಬ ಹೆಸರಿನಲ್ಲೋ ಅದಕ್ಕೆ ಹತ್ತಿರದ ಹೆಸರಿನಲ್ಲೋ Low, Medium, High ಎಂಬ ಆಯ್ಕೆಗಳು ಹಲವು ಟಿವಿಗಳಲ್ಲಿ ಸಿಗುತ್ತವೆ. High ಇಟ್ಟರೆ ಬ್ಲೂಮಿಂಗ್ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಎಂದು ಕೇಳಿದರೆ ಟಿವಿ ನೋಡದೆ ಉತ್ತರ ಹೇಳಲಾಗದು. ಒಂದು ಜೋನಿನಲ್ಲಿ ಚೂರು ಬೆಳಕು, ಬಹಳ ಕತ್ತಲೆ ಇದ್ದಾಗ ದೀಪದ ಮಟ್ಟ ಎಷ್ಟಿರಬೇಕು ಎಂಬುದನ್ನು ತಯಾರಕರು ತಮಗೆ ತೋಚಿದಂತೆ ತೀರ್ಮಾನಿಸುತ್ತಾರೆ. ಜೋನಿನ ಅತಿ ಹೊಳೆಯುವ ಪಿಕ್ಸೆಲ್ ನೋಡಿ ತೀರ್ಮಾನಿಸುವ ಟಿವಿ ನಕ್ಷತ್ರಗಳನ್ನು ಉಳಿಸಿ ಆಕಾಶವನ್ನು ಬೂದು ಮಾಡುತ್ತದೆ. ಸರಾಸರಿ ನೋಡಿ ತೀರ್ಮಾನಿಸುವ ಟಿವಿ ಆಕಾಶವನ್ನು ಕಪ್ಪಾಗಿ ಉಳಿಸಿ ನಕ್ಷತ್ರಗಳನ್ನು ನುಂಗುತ್ತದೆ. ಬ್ಲೂಮಿಂಗ್ ಇಲ್ಲವೇ ಇಲ್ಲ ಎಂದು ಹೊಗಳಿಸಿಕೊಳ್ಳುವ ಕೆಲವು ಟಿವಿಗಳು ಈ ಎರಡನೆಯ ದಾರಿ ಹಿಡಿದವು. ನನಗೆ ಕೇಳಿದರೆ ನಕ್ಷತ್ರ ಕಳೆದುಕೊಳ್ಳುವುದಕ್ಕಿಂತ ತುಸು ಬೂದು ವಾಸಿ. ಬೂದನ್ನು ಮರೆಯಬಹುದು, ಸಿನಿಮಾದಲ್ಲಿದ್ದ ನಕ್ಷತ್ರ ಪರದೆಗೇ ಬಾರದಿದ್ದರೆ ಏನು ಮಾಡುವುದು?

ಮನೆಯಲ್ಲಿ ತೀರ್ಮಾನಿಸಲು ನಕ್ಷತ್ರ ತುಂಬಿದ ಆಕಾಶದ ದೃಶ್ಯವೊಂದನ್ನು ಪಾಸ್ ಮಾಡಿ, ಮೂರೂ ಆಯ್ಕೆಗಳನ್ನು ಒಂದೊಂದಾಗಿ ಹಾಕಿ, ಒಂದು ಮೂಲೆಯಲ್ಲಿನ ಚಿಕ್ಕ ಚುಕ್ಕಿಗಳ ಮೇಲೆ ಕಣ್ಣಿಡಿ. ಯಾವ ಆಯ್ಕೆಯಲ್ಲಿ ಚುಕ್ಕಿಗಳು ಉಳಿಯುತ್ತವೆಯೋ ಅವುಗಳ ಪೈಕಿ ಕಪ್ಪು ಹೆಚ್ಚು ಇರುವುದನ್ನು ಇಟ್ಟುಕೊಳ್ಳಿ. ಮೆನು ತೆರೆದಿದ್ದಾಗ ಮೆನುವಿನದೇ ಬಿಳಿ ಅಕ್ಷರಗಳು ಹತ್ತಿರದ ಜೋನುಗಳನ್ನು ಹೊತ್ತಿಸಿರುತ್ತವೆ, ಅದರಿಂದ ದೂರದ ಮೂಲೆಯನ್ನೇ ನೋಡಿ. ಕತ್ತಲೆ ಜಾಸ್ತಿ ಎಂದು Brightness ಏರಿಸುವ ಅಭ್ಯಾಸವಿದ್ದರೆ ಬಿಡಿ. ಹಲವು ಟಿವಿಗಳಲ್ಲಿ ಆ ಹೆಸರಿನ ಗುಂಡಿ ಏರಿಸುವುದು ಕಪ್ಪಿನ ಮಟ್ಟವನ್ನು. ಏರಿಸಿದರೆ ಆರಿರಬೇಕಾದ ಜೋನುಗಳೂ ಹೊತ್ತಿಕೊಳ್ಳುತ್ತವೆ.

‘ದ ಬ್ಯಾಟ್‌ಮ್ಯಾನ್’ನಲ್ಲೇ ಇನ್ನೊಂದು ದೃಶ್ಯವಿದೆ. ಕಗ್ಗತ್ತಲ ಹಾದಿಯಲ್ಲಿ ಹೊಡೆದಾಟ, ಬಂದೂಕು ಸಿಡಿದಾಗ ಮಾತ್ರ ಕ್ಷಣ ಬೆಳಕು. ಸಿನಿಮಾದ ಒಂದು ಫ್ರೇಮ್ ಸೆಕೆಂಡಿನ 24ನೆಯ ಒಂದು ಭಾಗ, ಸುಮಾರು 42 ಮಿಲಿಸೆಕೆಂಡ್. ಎಲ್‌ಇಡಿಗೆ ಹೊತ್ತಿ ಆರಲು ಅಷ್ಟು ಸಮಯವೇ ಬೇಡ. ಆದರೆ ಬ್ಯಾಕ್‌ಲೈಟ್ ಮಿಣುಕಿದಂತೆ ಕಾಣಬಾರದೆಂದು ಕೆಲವು ಟಿವಿಗಳು ದೀಪವನ್ನು ಕೆಲವು ಫ್ರೇಮುಗಳಲ್ಲಿ ನಿಧಾನವಾಗಿ ಏರಿಸಿ ಇಳಿಸುತ್ತವೆ. ಅಂಥ ಟಿವಿಯಲ್ಲಿ ಬಂದೂಕಿನ ಮಿಂಚು ಮಂಕಾಗಿ, ಮಿಂಚು ಮುಗಿದ ಮೇಲಿನ ಕತ್ತಲೆ ಬೂದಾಗಿ ಕಾಣುತ್ತದೆ. ಜೋನುಗಳ ಸಂಖ್ಯೆ ಎಷ್ಟೇ ಇರಲಿ, ಈ ದೋಷ ಬೇರೆ.

ನಮ್ಮವರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಮದ್ದು ಸಬ್‌ಟೈಟಲ್ಲಿನದು. ಮಲಯಾಳಂ, ಕೊರಿಯನ್, ಇಂಗ್ಲಿಷ್ ಏನು ನೋಡಿದರೂ ಕೆಳಗೆ ಅಕ್ಷರ ಬೇಕು. ಅಚ್ಚ ಬಿಳಿಯ ಆ ಅಕ್ಷರಗಳು ಬಹಳ ಸಲ ಕಪ್ಪು ಪಟ್ಟಿಯ ಅಂಚಿನಲ್ಲೇ ಬೀಳುತ್ತವೆ. ಗೆರೆಗಳು ತೆಳು, ಕಣ್ಣಿನಲ್ಲಿ ಹುಟ್ಟುವ ಮುಸುಕು ಕಡಿಮೆ. ಹಿಂದೆ ಉರಿಯುವ ಜೋನುಗಳು ಮಾತ್ರ ಇಡೀ ಸಾಲು. ನೆಟ್‌ಫ್ಲಿಕ್ಸ್‌ನ ಖಾತೆಯ ಸೆಟ್ಟಿಂಗಿನಲ್ಲಿ ಸಬ್‌ಟೈಟಲ್ಲಿನ ಬಣ್ಣ ಬದಲಿಸಬಹುದು, ಆಪಲ್ ಟಿವಿ ಪೆಟ್ಟಿಗೆಯಲ್ಲೂ ಬರುತ್ತದೆ. ಬಿಳಿಯ ಬದಲು ಬೂದು ಸಿಕ್ಕರೆ ಅದನ್ನು ಆರಿಸಿ. ಹಳದಿ ಆರಿಸಿದರೆ ಓದಲು ಹಿತ, ಆದರೆ ಬ್ಲೂಮಿಂಗ್ ಅಷ್ಟಾಗಿ ಇಳಿಯದು, ಕೆಂಪು ಮತ್ತು ಹಸಿರಿಗೆ ದೀಪ ಹಾಗೇ ಜೋರಾಗಿ ಉರಿಯಬೇಕಲ್ಲ.

ಕೊಳ್ಳಲು ಹೊರಟವರಿಗೆ ಒಂದು ಮಾತು. ಪೆಟ್ಟಿಗೆಯ ಮೇಲೆ ಎಚ್‌ಡಿಆರ್ ಎಂದು ಬರೆದಿದ್ದರೆ ಟಿವಿಗೆ ಆ ಸಂಕೇತ ಅರ್ಥವಾಗುತ್ತದೆ ಎಂದಷ್ಟೇ. ಅಗ್ಗದ ಎಚ್‌ಡಿಆರ್ ಟಿವಿಗಳಲ್ಲಿ ಬಹುಪಾಲಿಗೆ ಜೋನುಗಳೇ ಇಲ್ಲ, ಇಡೀ ಬ್ಯಾಕ್‌ಲೈಟ್ ಒಟ್ಟಿಗೆ ಏರಿಳಿಯುತ್ತದೆ. ಅಂಥದ್ದರಲ್ಲಿ ಬ್ಲೂಮಿಂಗ್ ಎಂಬ ದೂರೇ ಹುಟ್ಟುವುದಿಲ್ಲ, ಪರದೆಯೆಲ್ಲ ಒಂದೇ ಬೂದು. ‘ಡೈರೆಕ್ಟ್ ಎಲ್‌ಇಡಿ’ ಎಂದರೆ ದೀಪಗಳು ಪರದೆಯ ಹಿಂದಿವೆ ಎಂದಷ್ಟೇ ಅರ್ಥ, ಅವು ಬೇರೆಬೇರೆಯಾಗಿ ಆರುತ್ತವೆ ಎಂದಲ್ಲ. ದೀಪಗಳು ಅಂಚಿನಲ್ಲಿರುವ ಎಡ್ಜ್‌ಲಿಟ್ ಟಿವಿಯಲ್ಲಿ ಜೋನುಗಳಿದ್ದರೂ ಅವು ಉದ್ದುದ್ದ ಕಂಬಗಳು, ಸಬ್‌ಟೈಟಲ್ ಬಂದರೆ ಮೇಲಿನ ಅಂಚಿನವರೆಗೂ ಕಂಬ ಬೆಳಗುತ್ತದೆ.

‘ಅಣ್ಣಾ, ಇದರಲ್ಲಿ ಡಿಮ್ಮಿಂಗ್ ಜೋನ್ ಎಷ್ಟಿದೆ?’ ಎಂದು ಅಂಗಡಿಯಲ್ಲಿ ಕೇಳಿದರೆ ‘ಸರ್, ಇದು ಫೋರ್‌ಕೆ ಸರ್, ಪಿಕ್ಚರ್ ಸೂಪರ್ ಇದೆ’ ಎಂಬ ಉತ್ತರ ಬರುವ ಸಂಭವ ಹೆಚ್ಚು. ವಾದ ಬೇಡ. ಪೂರ್ತಿ ಕಪ್ಪು ಹಿನ್ನೆಲೆಯಲ್ಲಿ ಒಂದು ಚಿಕ್ಕ ಬಿಳಿ ಚುಕ್ಕಿ ನಿಧಾನವಾಗಿ ಓಡಾಡುವ ವಿಡಿಯೊವನ್ನು ಪೆನ್‌ಡ್ರೈವಿನಲ್ಲಿ ಒಯ್ದು ಹಾಕಿಸಿ. ಪರದೆಯ ಹತ್ತಿರ ನಿಂತು, ಎರಡೂ ಅಂಗೈಗಳಿಂದ ಅಂಗಡಿಯ ಬೆಳಕನ್ನು ಮರೆ ಮಾಡಿ ನೋಡಿ. ಚುಕ್ಕಿ ಹೋದಲ್ಲೆಲ್ಲ ಬಳೆಯೂ ಜಿಗಿಯುತ್ತ ಹೋದರೆ ಜೋನುಗಳಿವೆ, ಒಂದು ಜಿಗಿತದ ಉದ್ದವೇ ಜೋನಿನ ಅಗಲ. ಪರದೆಯ ಅಗಲವನ್ನು ಅದರಿಂದ ಭಾಗಿಸಿದರೆ ಒಂದು ಸಾಲಿನ ಜೋನುಗಳ ಸಂಖ್ಯೆ ಸಿಕ್ಕಿತು. ಸಂಖ್ಯೆ ದೊಡ್ಡದಾದಷ್ಟೂ ಬಳೆ ಚಿಕ್ಕದು, ಆದರೆ ಎರಡು ಪಟ್ಟು ಜೋನೆಂದರೆ ಅರ್ಧ ಬ್ಲೂಮಿಂಗ್ ಎಂಬ ಲೆಕ್ಕವಿಲ್ಲ. ಜೋನನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧ ಮಾಡಲು ನಾಲ್ಕು ಪಟ್ಟು ಜೋನ್ ಬೇಕು. ಅಷ್ಟಾದರೂ ಒಳಗಿನ ಬೆಳಕು ದೂರ ಹರಡುತ್ತಿದ್ದರೆ ದುಡ್ಡು ದಂಡ.

ಕೆಂಪು ಕಿಡಿಯ ತೊಂದರೆಗೆ ಕಂಪನಿಗಳು ಈಗ ಬೇರೊಂದು ದಾರಿ ಹಿಡಿದಿವೆ. ಬಿಳಿ ಬ್ಯಾಕ್‌ಲೈಟಿನ ಬದಲು ಒಂದೊಂದು ಜೋನಿನಲ್ಲೂ ಕೆಂಪು, ಹಸಿರು, ನೀಲಿ ಎಲ್‌ಇಡಿಗಳನ್ನು ಬೇರೆಬೇರೆಯಾಗಿ ಇಡುವುದು. ಹೈಸೆನ್ಸ್ 2025ರ ಜನವರಿಯಲ್ಲಿ ಲಾಸ್ ವೇಗಸ್ ಪ್ರದರ್ಶನದಲ್ಲಿ ಇಂಥ 116 ಇಂಚಿನ ಟಿವಿ ತೋರಿಸಿತು, ಸ್ಯಾಮ್‌ಸಂಗ್ ಅದೇ ವರ್ಷ 115 ಇಂಚಿನದನ್ನು ತಂದಿತು. ಇವುಗಳಲ್ಲಿ ಫ್ಲೇರಿನ ಹಿಂದೆ ಕೆಂಪು ದೀಪವೊಂದೇ ಉರಿದರೆ ಸಾಕು. ಸೋರಿಕೆ ನಾಲ್ಕು ಪಟ್ಟಿಗೂ ಹೆಚ್ಚು ಇಳಿಯುತ್ತದೆ, ಸೋರುವುದೂ ಕೆಂಪೇ ಆದ್ದರಿಂದ ಕಣ್ಣಿನ ಮುಸುಕಿನೊಂದಿಗೆ ಬೆರೆತುಹೋಗುತ್ತದೆ. ಅದೇ ಜೋನಿನೊಳಗೆ ಕಿಡಿಯ ಪಕ್ಕದಲ್ಲಿ ಮಂದ ಬೆಳಕಿನ ಮುಖವೊಂದಿದ್ದರೆ ಹಸಿರು, ನೀಲಿ ದೀಪಗಳೂ ತುಸು ಉರಿಯಬೇಕು. ಮೂರರ ಲೆಕ್ಕ ಚೂರು ತಪ್ಪಿದರೂ ಮುಖಕ್ಕೆ ಕೆಂಪು ಬಡಿಯುತ್ತದೆ. ಬಿಳಿ ಸಬ್‌ಟೈಟಲ್ಲಿಗಂತೂ ಮೂರೂ ದೀಪಗಳು ಬೇಕೇ ಬೇಕು, ಅಲ್ಲಿ ಈ ಟಿವಿಗಳಿಂದ ಉಳಿತಾಯವೇನೂ ಇಲ್ಲ.